ಗೋಪಾಳಕ್ಕೆ ಹೊಳೆ ದಾಟಬೇಕಾ?

ಮಂಗಳವಾರ ಮಧ್ಯಾಹ್ನ ಫೋನ್ ಬಂತು. ಚಿಕ್ಕಮ್ಮ. ಹಿಂದೆ ಬಸ್ಸಿನ ಸದ್ದು, ಕಂಡಕ್ಟರ್ ಸೀಟಿ. "ಗೋಪಾಳಕ್ಕೆ ಹೊಳೆ ದಾಟಬೇಕೇನೇ?" ಅಂದಳು.

ನನ್ನ ಎದೆ ಧಸಕ್ ಅಂತು. ಗೋಪಾಳಕ್ಕೆ ಹೊಳೆ ದಾಟೋದೇ ಇಲ್ಲ. ಶಿವಮೊಗ್ಗದ ಬಸ್ ಸ್ಟ್ಯಾಂಡ್ ಇರೋ ದಡದಲ್ಲೇ ಗೋಪಾಳ ಇದೆ. ತುಂಗಾ ಸೇತುವೆ ದಾಟಿದರೆ ಸಿಗೋದು ವಿದ್ಯಾನಗರ, ಆಮೇಲೆ ಭದ್ರಾವತಿ ಕಡೆಯ ಮಲವಗೊಪ್ಪ. ಅಂದರೆ ಚಿಕ್ಕಮ್ಮ ಪೂರಾ ಉಲ್ಟಾ ದಿಕ್ಕಿನಲ್ಲಿ ಹೋಗ್ತಾ ಇದ್ದಳು. ವಯಸ್ಸು ಎಪ್ಪತ್ತರ ಹತ್ತಿರ, ಕೈಯಲ್ಲಿ ಮೊಮ್ಮಗಳಿಗೆ ಅಂತ ಕಟ್ಟಿಕೊಂಡು ಬಂದ ಹಲಸಿನ ಹಪ್ಪಳದ ಗಂಟು.

ತಪ್ಪು ನನ್ನದು. ಅವಳು ತೀರ್ಥಹಳ್ಳಿಯಿಂದ ಬಂದು ಗಾಂಧಿ ಬಜಾರಿನಲ್ಲಿ ಏನೋ ತಗೊಂಡು ಬಿ.ಎಚ್. ರಸ್ತೆಯ ಸ್ಟಾಪಿಗೆ ಬಂದಿದ್ದಳು. ನನಗೆ ಆಫೀಸ್ ಬಿಟ್ಟು ಹೋಗೋಕೆ ಆಗಲಿಲ್ಲ. ಫೋನಿನಲ್ಲೇ ಹೇಳಿದೆ: "ಗೋಪಾಳ ಅಂತ ಬೋರ್ಡ್ ನೋಡು, ಕಂಡಕ್ಟರ್ ಹತ್ರ ಕೇಳು, ಹತ್ತು." ಮೂರನ್ನೂ ಹಾಗೇ ಮಾಡಿದ್ದಾಳೆ. ಬೋರ್ಡಿನಲ್ಲಿ ಗೋಪಾಳ ಅಂತ ಇತ್ತು. "ಗೋಪಾಳ ಹೋಗುತ್ತಾ?" ಅಂತ ಕೇಳಿದಳು. "ಹೋಗುತ್ತೆ, ಹತ್ತಿ ಹತ್ತಿ" ಅಂದ. ಹತ್ತಿದಳು.

ಈ ಎರಡು ಮಾತು ವಾರವಿಡೀ ನನ್ನ ತಲೆಯಲ್ಲಿ ಓಡ್ತಾನೇ ಇದೆ. ಗೋಪಾಳ ಹೋಗುತ್ತಾ? ಹೋಗುತ್ತೆ.

ಫೋನ್ ಕಂಡಕ್ಟರಿಗೆ ಕೊಡಿಸಿದೆ. ಸಿಟ್ಟಿನಲ್ಲೇ ಮಾತಾಡಿದೆ. ಅವನು ಸಮಾಧಾನವಾಗಿ ಹೇಳಿದ: "ಮೇಡಂ, ಗೋಪಾಳ ಹೋಗುತ್ತಾ ಅಂತ ಕೇಳಿದ್ರು. ಹೋಗುತ್ತೆ. ಮಲವಗೊಪ್ಪ ಮುಟ್ಟಿ ವಾಪಸ್ ಬರುವಾಗ ಹೋಗುತ್ತೆ." ಅವನು ಸುಳ್ಳು ಹೇಳಿರಲಿಲ್ಲ. ಸಿಟಿ ಬಸ್ ಬೆಳಗಿಂದ ರಾತ್ರಿವರೆಗೂ ಎರಡು ತುದಿಗಳ ನಡುವೆ ಓಡಾಡ್ತಾನೇ ಇರುತ್ತೆ. ಮುಂದಿನ ಗಾಜಿನ ಹಿಂದಿರೋ ಬೋರ್ಡಿನಲ್ಲಿ ಎರಡೂ ತುದಿಯ ಹೆಸರು ಬರೆದಿರ್ತಾರೆ, ನಡುವೆ ಒಂದು ಗೆರೆ. ಆ ಬೋರ್ಡ್ ಹೋಗುವಾಗಲೂ ಅದೇ, ಬರುವಾಗಲೂ ಅದೇ. ಒಂದೇ ತುದಿಯ ಹೆಸರಿರೋ ಬೋರ್ಡಾದರೆ ಕೊನೆ ಸ್ಟಾಪಿನಲ್ಲಿ ತಿರುಗಿಸಿ ಇಡಬೇಕು. ಗಡಿಬಿಡಿಯಲ್ಲಿ ಅದನ್ನ ಮರೆತರೆ ಬಸ್ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ. ಅಂದರೆ ಈ ಬಸ್ ಯಾವ ದಾರಿಯದು ಅಂತ ಬೋರ್ಡ್ ಹೇಳುತ್ತೆ. ಈಗ ಯಾವ ಕಡೆ ಮುಖ ಮಾಡಿದೆ ಅನ್ನೋದು ಅದರಿಂದ ಗೊತ್ತಾಗಲ್ಲ.

ಚಿಕ್ಕಮ್ಮನ ಮೊಮ್ಮಗ ಬೆಂಗಳೂರಿನಲ್ಲಿ ಓದ್ತಾನೆ. ಸುದ್ದಿ ಕೇಳಿ, "ನಂಬರ್ ನೋಡಿದ್ರೆ ಹೀಗಾಗ್ತಿರಲಿಲ್ಲ" ಅಂದ. ನನಗೆ ಹಾಗನ್ನಿಸಲ್ಲ. ನಂಬರಿನಿಂದ ಉಪಯೋಗ ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ 500-ಡಿ ಅಂದರೆ 500ರ ಗುಂಪಿನ ದಾರಿಗಳಲ್ಲಿ ಒಂದು. ಕೊನೆಯ ಅಕ್ಷರ ಬದಲಾದರೆ ದಾರಿಯೋ ತುದಿಯೋ ಬದಲಾಗುತ್ತೆ. ಮುಂದೆ ವಿ ಸೇರಿ ವಿ-500ಡಿ ಆದರೆ ಎ.ಸಿ. ಇರೋ ವಜ್ರ ಬಸ್, ಅಲ್ಲಿ ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣ ಇಲ್ಲ. ಇಷ್ಟೆಲ್ಲ ನಂಬರ್ ಹೇಳುತ್ತೆ. ಆದರೆ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗೋ ಬಸ್ಸಿಗೂ 500-ಡಿ, ಅಲ್ಲಿಂದ ವಾಪಸ್ ಬರೋದಕ್ಕೂ 500-ಡಿ. ಸ್ಟಾಪಿನ ಮೇಲೆ ಡಿಸ್‌ಪ್ಲೇ ಇದ್ದರೂ ನಂಬರಿನ ಪಕ್ಕದಲ್ಲಿರೋ ಊರಿನ ಹೆಸರನ್ನ ಓದಲೇಬೇಕು. ದಿಕ್ಕು ಇರೋದು ಅಲ್ಲಿ. ಬರೀ ನಂಬರ್ ನೋಡಿ ಹತ್ತಿದ್ದರೆ ಚಿಕ್ಕಮ್ಮನಿಗೆ ಅಲ್ಲೂ ಇದೇ ಗತಿ ಆಗ್ತಿತ್ತು.

ಹಾಗಾದರೆ ಸ್ಟಾಪಿನಲ್ಲಿ ನಿಂತವರಿಗೆ ದಿಕ್ಕು ಹೇಗೆ ಗೊತ್ತಾಗಬೇಕು? ಒಂದು, ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದೀವಿ ಅನ್ನೋದು. ಬಸ್ ಎಡಕ್ಕೆ ಓಡುತ್ತೆ. ಹಾಗಾಗಿ ಹೋಗಬೇಕಾದ ಕಡೆಗೆ ಮುಖ ಮಾಡಿ ನಿಂತಾಗ ನಮ್ಮ ಎಡಗಡೆ ಅಂಚಿನಲ್ಲಿರೋ ಸ್ಟಾಪೇ ನಮ್ಮದು. ಚಿಕ್ಕಮ್ಮ ನಿಂತಿದ್ದು ಎದುರು ಬದಿಯಲ್ಲಿ. ರಸ್ತೆ ದಾಟೋಕೆ ಹೆದರಿ ಅಲ್ಲೇ ನಿಂತಿದ್ದಾಳೆ ಪಾಪ. ನಾನು ಅದನ್ನ ಕೇಳಲೇ ಇಲ್ಲ. ಒನ್‌ವೇ ಇರೋ ಕಡೆ ಮಾತ್ರ ಈ ಲೆಕ್ಕ ನಡೆಯಲ್ಲ. ಹೋಗೋ ಬಸ್ಸು ಒಂದು ರಸ್ತೆ, ಬರೋ ಬಸ್ಸು ಇನ್ನೊಂದು ರಸ್ತೆ ಹಿಡಿದಿರುತ್ತೆ.

ಇನ್ನೊಂದು, ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗೋ ಹೆಸರು. ಬೋರ್ಡಿಗಿಂತ ನಾನು ಇದನ್ನೇ ಜಾಸ್ತಿ ನಂಬ್ತೀನಿ. ಜನ ಹತ್ತಿಸಿಕೊಳ್ಳೋಕೆ ಅಂತ ಕೂಗೋದು ತಾನೇ? ದಾಟಿ ಬಂದ ಊರನ್ನ ಯಾರೂ ಕೂಗಲ್ಲ. ಆ ದಿನವೂ ಅವನು "ವಿದ್ಯಾನಗರ, ಮಲವಗೊಪ್ಪ" ಅಂತಲೇ ಕೂಗ್ತಿದ್ದನಂತೆ. ಚಿಕ್ಕಮ್ಮನಿಗೂ ಕೇಳಿಸಿದೆ. ಆದರೆ ಗೋಪಾಳ ಅದಾದ ಮೇಲೆ ಬರುತ್ತೆ ಅಂದುಕೊಂಡಳು. ಊರಿನ ನಕ್ಷೆ ತಲೆಯಲ್ಲಿ ಇಲ್ಲದವರಿಗೆ ಹಾಗನ್ನಿಸೋದು ಸಹಜ, ಅಲ್ವಾ?

ಅದಕ್ಕೇ ಕೇಳೋ ಪ್ರಶ್ನೆ ಬದಲಾಗಬೇಕು. "ಹೋಗುತ್ತಾ" ಅಂತ ಕೇಳಿದರೆ ಉತ್ತರ ಹೌದು, ಇಲ್ಲ, ಅಷ್ಟೇ. ಬಸ್ ಹೊರಡೋ ಅವಸರದಲ್ಲಿ, ಒಂದು ಕೈಯಲ್ಲಿ ಚಿಲ್ಲರೆ, ಒಂದು ಕಣ್ಣು ಹಿಂದಿನ ಬಾಗಿಲ ಮೇಲೆ ಇಟ್ಟುಕೊಂಡ ಮನುಷ್ಯ ಹೌದು ಅಂದುಬಿಡ್ತಾನೆ. "ಗೋಪಾಳಕ್ಕೆ ಈ ಕಡೆಯಿಂದ ಹತ್ತಬೇಕಾ, ಆ ಕಡೆಯಿಂದಲಾ?" ಅಂತ ಕೇಳಿದ್ದರೆ ಅವನು ಕೈ ತೋರಿಸಿ ಎದುರಿನ ಸ್ಟಾಪಿಗೆ ಕಳಿಸ್ತಿದ್ದ. "ಮುಂದಿನ ಸ್ಟಾಪ್ ಯಾವುದು?" ಅಂದರೂ ಸಾಕಿತ್ತು. ಅವನು ಒಂದು ಹೆಸರು ಹೇಳಲೇಬೇಕು. ಆ ಹೆಸರನ್ನ ನನಗೆ ಫೋನಿನಲ್ಲಿ ಹೇಳಿದ್ದರೆ ಬೇಡ ಅಂದುಬಿಡ್ತಿದ್ದೆ. ಹತ್ತಿದ ಮೇಲೆ ಟಿಕೆಟ್ಟನ್ನೂ ಒಮ್ಮೆ ನೋಡಬೇಕು. ಮೆಷಿನ್ ಟಿಕೆಟ್ಟಿನಲ್ಲಿ ಹತ್ತಿದ ಸ್ಟೇಜ್, ಇಳಿಯೋ ಸ್ಟೇಜ್ ಎರಡೂ ಇರುತ್ತೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಕೊಡೋ ಶೂನ್ಯ ದರದ ಟಿಕೆಟ್ಟನ್ನೂ ಹಾಗೇ ಮಡಚಿ ಪರ್ಸಿಗೆ ಹಾಕಬಾರದು. ನಮ್ಮ ಸ್ಟಾಪಿನ ಹೆಸರೇ ಇರಬೇಕು ಅಂತೇನಿಲ್ಲ, ಹತ್ತಿರದ ಸ್ಟೇಜಿನ ಹೆಸರಿರಬಹುದು. ಆದರೆ ಗೋಪಾಳದವರ ಕೈಯಲ್ಲಿ ಮಲವಗೊಪ್ಪದ ಟಿಕೆಟ್ ಇದ್ದರೆ ತಕ್ಷಣ ಎದ್ದು ಕೇಳಬೇಕು. ಚಿಕ್ಕಮ್ಮ ಹತ್ತಿದ್ದು ಖಾಸಗಿ ಬಸ್. ದುಡ್ಡು ತಗೊಂಡರು, ಟಿಕೆಟ್ ಕೊಡಲಿಲ್ಲ. ಅದು ನನಗೆ ಈಗಲೂ ಸರಿ ಕಾಣ್ತಿಲ್ಲ.

ಆದರೆ ಆ ಹುಡುಗ ಕೆಟ್ಟವನಲ್ಲ. "ಇಳಿಸಬೇಡಣ್ಣ, ಅವರಿಗೆ ದಾರಿ ಗೊತ್ತಿಲ್ಲ" ಅಂದೆ. "ಇಲ್ಲೇ ಕೂತಿರ್ಲಿ ಮೇಡಂ, ನಾನೇ ಗೋಪಾಳದಲ್ಲಿ ಇಳಿಸ್ತೀನಿ" ಅಂದ. ಮಲವಗೊಪ್ಪದಲ್ಲಿ ಬಸ್ ನಿಂತಾಗ ಕುಡಿಯೋಕೆ ನೀರು ತಂದುಕೊಟ್ಟನಂತೆ. ವಾಪಸ್ ಬರುವಾಗ ಮತ್ತೆ ದುಡ್ಡು ಕೇಳಲಿಲ್ಲ. ಮತ್ತೆ ಹೊಳೆ ದಾಟಿ ಚಿಕ್ಕಮ್ಮ ಗೋಪಾಳ ಮುಟ್ಟಿದಾಗ ಗಂಟೆ ನಾಲ್ಕಾಗಿತ್ತು.

ನಕ್ಷೆ ಇಲ್ಲದೆ, ಯಾರೂ ಹೇಳದೆ, ತಪ್ಪು ಬಸ್ ಅಂತ ಅವಳಿಗೆ ಗೊತ್ತಾಗಿದ್ದು ತುಂಗೆಯನ್ನ ನೋಡಿ. ಹುಟ್ಟಿದಾಗಿನಿಂದ ಆ ಹೊಳೆಯ ದಡದಲ್ಲೇ ಬದುಕಿದವಳು. ತೀರ್ಥಹಳ್ಳಿಯಿಂದ ಗಾಜನೂರು ದಾಟಿ ಬರುವಾಗ ಅದು ಯಾವ ಪಕ್ಕದಲ್ಲಿತ್ತು ಅಂತ ಅವಳಿಗೆ ನೆನಪಿತ್ತು. ಗಾಜನೂರಿನಿಂದ ಒಂದೇ ದಡದಲ್ಲಿ ಬಂದವಳು ಈಗ ಯಾಕೆ ಹೊಳೆ ದಾಟ್ತಾ ಇದ್ದೀನಿ ಅಂತ ಅವಳಿಗೇ ಹೊಳೆದಿದೆ.

ಗುರುವಾರ ಅವಳನ್ನ ಊರಿಗೆ ಕಳಿಸೋಕೆ ನಾನೇ ರಜೆ ಹಾಕಿ ಗೋಪಾಳಕ್ಕೆ ಹೋದೆ. ಬಸ್ ಬಂತು. ನಾನು ಬಾಯಿ ತೆರೆಯೋಕೆ ಮೊದಲೇ ಚಿಕ್ಕಮ್ಮ ಬಾಗಿಲ ಹತ್ತಿರ ಹೋಗಿ ಕಂಡಕ್ಟರನ್ನ ಕೇಳಿದಳು: "ಬಸ್ ಸ್ಟ್ಯಾಂಡಲ್ಲಿ ಇಳೀಬೇಕು ಮಾರಾಯ. ಹೊಳೆ ದಾಟೋಕೆ ಮೊದಲೇ ಸಿಗುತ್ತಾ, ದಾಟಿದ ಮೇಲಾ?"

"ಮೊದಲೇ ಅಮ್ಮ," ಅಂದ ಅವನು.

ಅವಳು ನನ್ನ ಕಡೆ ತಿರುಗಿ, "ಹತ್ತೇ" ಅಂದಳು.