ಇಪ್ಪತ್ತೇಳು ಮ್ಯಾಟ್ರಿಕ್ಸ್‌ಗಳ ಒಂದು ಮಧ್ಯಾಹ್ನ

ಎಂಎಸ್ಸಿ ಮೊದಲ ಸೆಮಿಸ್ಟರಿನ ಟ್ಯುಟೋರಿಯಲ್, ಊಟದ ನಂತರದ ಎರಡು ಗಂಟೆ. ಬೋರ್ಡಿನ ಮೇಲೆ ಹಿಂದಿನ ವಾರದ ಲೆಕ್ಕ ಇನ್ನೂ ಅಳಿಸಿರಲಿಲ್ಲ: ಒಂದು ಗ್ರೂಪಿನ ಪ್ರತಿ ಎಲಿಮೆಂಟಿಗೂ x² = e ಆದರೆ ಆ ಗ್ರೂಪ್ ಅಬೀಲಿಯನ್. ಸಾಧನೆ ಎರಡೇ ಸಾಲು. (xy)² = e ಅಂದರೆ xyxy = e. ಎಡಗಡೆಯಿಂದ x, ಬಲಗಡೆಯಿಂದ y ಗುಣಿಸಿದರೆ yx = xy ಸಿಕ್ಕಿಬಿಡುತ್ತದೆ.

“ಹಾಗಾದ್ರೆ x³ = e ಆದ್ರೂ ಅಬೀಲಿಯನ್ನೇ ಆಗ್ಬೇಕಲ್ವಾ ಸರ್?” ಅಂತ ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು. ಆ ದಿನ ಬೇರೆ ಯಾವ ಲೆಕ್ಕಕ್ಕೂ ಸಮಯ ಸಿಗಲಿಲ್ಲ.

ಪ್ರತಿ ಎಲಿಮೆಂಟಿನ ಘನವೂ e ಆಗಿರುವ ಸೀಮಿತ ಗ್ರೂಪ್ ಇದ್ದರೆ ಅದರ ಗಾತ್ರ 3ರ ಘಾತವೇ ಆಗಿರಬೇಕು. ಬೇರೆ ಅವಿಭಾಜ್ಯ ಸಂಖ್ಯೆ ಯಾವುದಾದರೂ ಗಾತ್ರವನ್ನು ಭಾಗಿಸಿದರೆ, ಕೋಶಿ ಪ್ರಮೇಯದ ಪ್ರಕಾರ ಆ ಆರ್ಡರಿನ ಎಲಿಮೆಂಟೂ ಒಳಗೆ ಇರುತ್ತದೆ. ಗಾತ್ರ 3 ಆದರೆ ಗ್ರೂಪ್ ಸೈಕ್ಲಿಕ್. ಗಾತ್ರ 9 ಆದರೂ ಅಬೀಲಿಯನ್, ಯಾಕೆಂದರೆ p² ಗಾತ್ರದ ಗ್ರೂಪುಗಳೆಲ್ಲ ಅಬೀಲಿಯನ್. ಆದ್ದರಿಂದ ಪ್ರತ್ಯುದಾಹರಣೆ ಅಂತ ಒಂದಿದ್ದರೆ ಅದು 27ಕ್ಕಿಂತ ಕೆಳಗೆ ಸಿಗುವಂತಿಲ್ಲ. ಪುಣ್ಯಕ್ಕೆ 27ರಲ್ಲೇ ಇದೆ: ಮೂರರ ಶೇಷಗಳನ್ನು ತುಂಬಿದ ಮೂರು ಅಡ್ಡಸಾಲು, ಮೂರು ಕಂಬಸಾಲಿನ ಮೇಲ್ತ್ರಿಕೋನ ಮ್ಯಾಟ್ರಿಕ್ಸ್‌ಗಳು.

ಇಲ್ಲಿ ಮೊದಲ ಎಡವಟ್ಟಾಯಿತು. ‘ಮೇಲ್ತ್ರಿಕೋನ’ ಎಂದ ಕೂಡಲೇ ಇಬ್ಬರು ಕರ್ಣದಲ್ಲಿ ಸೊನ್ನೆಯಲ್ಲದ ಯಾವ ಅಂಕಿಯಾದರೂ ಸರಿ ಎಂದು ಬರೆದುಕೊಂಡರು. ಅದೂ ಒಂದು ಗ್ರೂಪೇ, ಆದರೆ ಬೇರೆಯ ಗ್ರೂಪ್. ಕರ್ಣದ ಮೂರು ಜಾಗದಲ್ಲಿ ತಲಾ 2 ಆಯ್ಕೆ, ಮೇಲಿನ ಮೂರು ಜಾಗದಲ್ಲಿ ತಲಾ 3, ಒಟ್ಟು 8 × 27 = 216. ಕರ್ಣದಲ್ಲಿ 2, 1, 1 ಇಟ್ಟು ಉಳಿದದ್ದೆಲ್ಲ ಸೊನ್ನೆ ಮಾಡಿದರೆ ಅದರ ವರ್ಗವೇ ಐಡೆಂಟಿಟಿ. ಹಾಗಾಗಿ ಘನ ಐಡೆಂಟಿಟಿ ಆಗುವ ಮಾತೇ ಇಲ್ಲ. ಅದರ ಸೆಂಟರ್ ಕೂಡ ಬೇರೆ, ಬರೀ ಸ್ಕೇಲರ್ ಮ್ಯಾಟ್ರಿಕ್ಸ್‌ಗಳು. ಪ್ರಶ್ನೆಯಲ್ಲಿ “ಕರ್ಣದಲ್ಲಿ 1” ಎಂಬ ಮಾತು ಇದೆಯೋ ಇಲ್ಲವೋ ನೋಡದೆ ಕೈಹಾಕಿದವರು ಸರಿಯಾದ ಲೆಕ್ಕ ಮಾಡಿಯೂ ತಪ್ಪು ಉತ್ತರಕ್ಕೆ ತಲುಪುತ್ತಾರೆ. ನಮಗೆ ಬೇಕಾದದ್ದು ಕರ್ಣದಲ್ಲಿ 1 ಮಾತ್ರ ಇರುವಂಥವು:

```
1  a  c
0  1  b
0  0  1
```

ಪ್ರತಿ ಸಲ ಒಂಬತ್ತು ಅಂಕಿ ಬರೆಯುವ ಗೋಜು ಬೇಡವೆಂದು ಇದನ್ನು (a, b, c) ಎಂದೇ ಬರೆಯೋಣ. c ಅಂದರೆ ಮೂಲೆಯ ಅಂಕಿ ಎಂಬುದು ನೆನಪಿದ್ದರೆ ಸಾಕು. ಎರಡನ್ನು ಗುಣಿಸಿದರೆ

```
(a, b, c)(a', b', c') = (a+a', b+b', c+c'+ab')
```

ಮೊದಲ ಎರಡು ಜಾಗ ಬರೀ ಕೂಡುತ್ತವೆ. ಎಲ್ಲ ತಂಟೆಯೂ ಮೂಲೆಯಲ್ಲಿ, ಆ ab' ಎಂಬ ಒಂದೇ ಪದದಲ್ಲಿ. ಎಡಗಡೆಯದರ a, ಬಲಗಡೆಯದರ b. ಇದನ್ನು ಅದಲುಬದಲು ಮಾಡಿ a'b ಎಂದು ಬರೆದವರ ಲೆಕ್ಕ ಕೊನೆಯವರೆಗೂ ಒಳಗೊಳಗೇ ಹೊಂದಿಕೊಂಡು ಹೋಗುತ್ತದೆ, ಯಾಕೆಂದರೆ ಅದೂ ಗ್ರೂಪಿನ ಗುಣಾಕಾರವೇ, ತಿರುವುಮುರುವು ಅಷ್ಟೆ. ಕಮ್ಯುಟೇಟರಿನ ಚಿಹ್ನೆ ಮಾತ್ರ ಉಲ್ಟಾ ಬರುತ್ತದೆ. ಅನುಮಾನ ಬಂದರೆ x = (1,0,0), y = (0,1,0) ಎರಡನ್ನು ಪೂರ್ತಿ ಮ್ಯಾಟ್ರಿಕ್ಸ್ ಆಗಿ ಬರೆದು ಗುಣಿಸಿ ನೋಡುವುದು. xy = (1,1,1), yx = (1,1,0) ಬರಬೇಕು. ಗ್ರೂಪ್ ಅಬೀಲಿಯನ್ ಅಲ್ಲ ಎಂಬುದೂ ಅಲ್ಲೇ ತೀರ್ಮಾನವಾಗಿಹೋಯಿತು.

ಇನ್‌ವರ್ಸ್ ಬರೆಯುವಾಗ ಅರ್ಧ ಕ್ಲಾಸು (−a, −b, −c) ಎಂದಿತು. ಗುಣಿಸಿ ನೋಡಿದರೆ ಮೂಲೆಯಲ್ಲಿ −ab ಉಳಿದುಬಿಡುತ್ತದೆ. ಅದನ್ನು ಹೊಡೆದುಹಾಕಲು ಒಂದು ab ಸೇರಿಸಬೇಕು: (−a, −b, ab − c). ಮೂರರ ಬದಲು ಯಾವುದೇ ಅವಿಭಾಜ್ಯ p ಯ ಶೇಷಗಳನ್ನು ತುಂಬಿದರೂ ಇದೇ ಸೂತ್ರ. ಉದಾಹರಣೆಗೆ p = 3 ಇದ್ದಾಗ (1,2,1)ರ ಇನ್‌ವರ್ಸ್ (2,1,1).

ಇನ್ನು ಘನದ ಪ್ರಶ್ನೆ. (1,2,1)ರಿಂದಲೇ ಶುರು ಮಾಡಿದೆವು. ವರ್ಗ: ಮೊದಲ ಜಾಗ 1+1 = 2, ಎರಡನೆಯದು 2+2 = 4, ಅಂದರೆ 1, ಮೂಲೆ 1+1+1·2 = 4, ಅದೂ 1. ಹಾಗಾಗಿ ವರ್ಗ (2,1,1). ಸ್ವಲ್ಪ ಹೊತ್ತಿನ ಹಿಂದೆ ಬರೆದ ಇನ್‌ವರ್ಸೂ ಇದೇ. ವರ್ಗವೇ ಇನ್‌ವರ್ಸ್ ಆದ ಮೇಲೆ ಘನ ಐಡೆಂಟಿಟಿ, ಮತ್ತೆ ಗುಣಿಸಬೇಕಾಗಿಲ್ಲ. ಆದರೆ ಒಂದು ಎಲಿಮೆಂಟ್ ಆಯಿತೆಂದರೆ ಇಪ್ಪತ್ತೇಳೂ ಆದಂತಲ್ಲ. n ಸಲ ಗುಣಿಸಿದಾಗ ಏನಾಗುತ್ತದೆ ಎಂದು ಇಂಡಕ್ಷನ್ ಹಾಕಿದರೆ ಹೀಗೆ ಬರುತ್ತದೆ:

```
(a, b, c)^n = (na, nb, nc + (n(n-1)/2)·ab)
```

n = p ಹಾಕಿ. pa, pb, pc ಮೂರೂ ಸೊನ್ನೆ. ಉಳಿಯುವುದು p(p−1)/2 ಎಂಬ ಗುಣಕ. p ಬೆಸವಾಗಿದ್ದರೆ (p−1)/2 ಪೂರ್ಣಾಂಕ, ಆದ್ದರಿಂದ ಇಡೀ ಗುಣಕ p ಇಂದ ಭಾಗವಾಗುತ್ತದೆ, ಮೂಲೆಯೂ ಸೊನ್ನೆ. ಬೆಸ ಅವಿಭಾಜ್ಯ p ಯಾವುದೇ ಇರಲಿ, ಗ್ರೂಪಿನ ಎಕ್ಸ್‌ಪೋನೆಂಟ್ p. ಮುಂದಿನ ಬೆಂಚಿನ ಊಹೆ ಬಿದ್ದುಹೋಯಿತು: ಪ್ರತಿ ಎಲಿಮೆಂಟಿನ ಘನವೂ e, ಆದರೂ xy ಮತ್ತು yx ಬೇರೆ ಬೇರೆ.

p = 2 ಆದಾಗ ಅದೇ ಗುಣಕ 2·1/2 = 1. ಸೊನ್ನೆಯಾಗುವುದಿಲ್ಲ. (1,1,0)ರ ವರ್ಗ (0,0,1), ಅದರ ಆರ್ಡರ್ 4. (1,1,1)ದೂ ಅದೇ ಕಥೆ. ಐಡೆಂಟಿಟಿ ಬಿಟ್ಟು ಉಳಿದ ಐದರ ಆರ್ಡರ್ 2. ಎಂಟು ಎಲಿಮೆಂಟು, ಐದು ಆರ್ಡರ್ 2, ಎರಡು ಆರ್ಡರ್ 4: ಇದು ಚೌಕದ ಸಿಮಿಟ್ರಿಗಳ ಗ್ರೂಪ್. “p ಇಂದ ಭಾಗವಾಗುತ್ತದೆ” ಎಂದು ಕಣ್ಣುಮುಚ್ಚಿ ಬರೆದು ಕೆಳಗಿನ 2 ಅನ್ನು ಮರೆತವರು ಇಲ್ಲಿ ಸಿಕ್ಕಿಬೀಳುತ್ತಾರೆ. ಸಿಕ್ಕಿಬೀಳಲೇಬೇಕು ಕೂಡ. ಇಲ್ಲವಾದರೆ ಬೋರ್ಡಿನ ಮೇಲೆ ಮೊದಲೇ ಇದ್ದ x² = e ಪ್ರಮೇಯವೇ ಸುಳ್ಳಾಗಬೇಕಾಗುತ್ತಿತ್ತು.

ಸೆಂಟರ್ ಹುಡುಕಲು ಇಪ್ಪತ್ತೇಳರ ಜೊತೆಗೂ ಗುಣಿಸಿ ನೋಡಬೇಕಾಗಿಲ್ಲ. g = (a,b,c), h = (a',b',c') ಇದ್ದರೆ gh ಮತ್ತು hg ನಡುವಿನ ವ್ಯತ್ಯಾಸ ಮೂಲೆಯಲ್ಲಿ ಮಾತ್ರ, ab' − a'b. h ಜಾಗದಲ್ಲಿ x ಇಟ್ಟರೆ b = 0 ಆಗಲೇಬೇಕು; y ಇಟ್ಟರೆ a = 0. ಎರಡೇ ಪರೀಕ್ಷೆಗೆ ಮುಗಿಯಿತು. ಉಳಿದ (0,0,c) ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತದೆ. ಆದ್ದರಿಂದ ಸೆಂಟರಿನ ಗಾತ್ರ ಸರಿಯಾಗಿ p.

ಕಮ್ಯುಟೇಟರ್ ಎಂದರೆ ghg⁻¹h⁻¹. ಇನ್‌ವರ್ಸ್‌ಗಳನ್ನೆಲ್ಲ ಬಿಡಿಸಿ ಗುಣಿಸುವ ಬದಲು gh = (0,0,k)·hg ಎಂದು ಬರೆದು k ಕಂಡುಹಿಡಿಯುವುದು ಸುಲಭ. ಸೆಂಟರಿನ ಎಲಿಮೆಂಟ್ ಗುಣಿಸಿದರೆ ಮೂಲೆಗೆ k ಕೂಡುತ್ತದೆ ಅಷ್ಟೆ, ಹಾಗಾಗಿ k = ab' − a'b. ಎರಡು ಜೋಡಿ ಅಂಕಿಗಳ ಡಿಟರ್ಮಿನೆಂಟ್ ಅದು. ಕಮ್ಯುಟೇಟರುಗಳೆಲ್ಲ ಸೆಂಟರಿನ ಒಳಗೇ ಬೀಳುತ್ತವೆ. x ಅನ್ನು c ಸಲ ಗುಣಿಸಿ y ಜೊತೆ ಕಮ್ಯುಟೇಟರ್ ತೆಗೆದರೆ (0,0,c) ಬರುವುದರಿಂದ ಸೆಂಟರ್ ಪೂರ್ತಿ ತುಂಬುತ್ತದೆ. ಕಮ್ಯುಟೇಟರ್ ಸಬ್‌ಗ್ರೂಪ್ ಮತ್ತು ಸೆಂಟರ್ ಇಲ್ಲಿ ಒಂದೇ.

ಕೆಲವು ಪುಸ್ತಕಗಳು g⁻¹h⁻¹gh ಎನ್ನುತ್ತವಲ್ಲ, ಯಾವುದು ಸರಿ ಎಂದು ಒಬ್ಬ ಕೇಳಿದ. ಬೇರೆ ಗ್ರೂಪಿನಲ್ಲಾದರೆ ಎಚ್ಚರ ಬೇಕು. ಇಲ್ಲಿ a, b, a', b' ನಾಲ್ಕರ ಚಿಹ್ನೆಯೂ ಬದಲಾದರೆ ab' − a'b ಬದಲಾಗುವುದೇ ಇಲ್ಲ, ಹಾಗಾಗಿ ಎರಡೂ ಒಂದೇ ಉತ್ತರ.

ಇಷ್ಟಾದ ಮೇಲೆ ಎಷ್ಟು ಜೋಡಿಗಳು ಹೊಂದಿಕೊಳ್ಳುತ್ತವೆ ಎಂದು ಎಣಿಸಲು ಕೊಟ್ಟೆ. p = 3ಕ್ಕೆ ಸೆಂಟರಿನ 3 ಎಲಿಮೆಂಟುಗಳು ತಲಾ 27ರ ಜೊತೆ, ಒಟ್ಟು 81. ಉಳಿದ 24ರಲ್ಲಿ ಒಂದೊಂದಕ್ಕೂ ಡಿಟರ್ಮಿನೆಂಟ್ ಸೊನ್ನೆ ಆಗಬೇಕೆಂದರೆ (a',b') ಎಂಬುದು (a,b)ಯ ಗುಣಕವಾಗಿರಬೇಕು, ಅದಕ್ಕೆ 3 ಆಯ್ಕೆ. ಮೂಲೆಗೆ ಇನ್ನೊಂದು 3. ತಲಾ 9 ಆದರೆ 216. ಒಟ್ಟು 297. ಲ್ಯಾಪ್‌ಟಾಪ್ ತಂದಿದ್ದವನೊಬ್ಬ ಪೈಥಾನಿನಲ್ಲಿ ಹಾಕಿ ನೋಡಿದ:

```
p = 3
R = range(p)
G = [(a, b, c) for a in R for b in R for c in R]

def m(g, h):
    return ((g[0]+h[0]) % p, (g[1]+h[1]) % p,
            (g[2]+h[2]+g[0]*h[1]) % p)

print(sum(m(g, h) == m(h, g) for g in G for h in G))
```

297 ಬಂತು. 729 ಜೋಡಿಗಳಲ್ಲಿ 297 ಅಂದರೆ 27ರಲ್ಲಿ 11 ಪಾಲು. ಆ 11 ಸುಮ್ಮನೆ ಬಂದದ್ದಲ್ಲ, ಗ್ರೂಪಿನ ಕಾಂಜುಗಸಿ ಕ್ಲಾಸುಗಳ ಸಂಖ್ಯೆ ಅದು: ಸೆಂಟರಿನವು ಒಂಟಿಯಾಗಿ 3, ಉಳಿದ 24 ಮೂರು ಮೂರರ ಗುಂಪಾಗಿ 8.

ಆರ್ಡರ್‌ಗಳನ್ನಷ್ಟೇ ಎಣಿಸಿದರೆ ಈ ಗ್ರೂಪನ್ನು ಗುರುತಿಸಲು ಆಗುವುದಿಲ್ಲ ಎಂಬುದನ್ನೂ ಅಲ್ಲೇ ತೋರಿಸಿದೆ. ಮೂರರ ಶೇಷಗಳ ಮೂರು ಪ್ರತಿಗಳ ಡೈರೆಕ್ಟ್ ಪ್ರಾಡಕ್ಟಿನಲ್ಲೂ ಐಡೆಂಟಿಟಿ ಒಂದು, ಆರ್ಡರ್ 3ರವು 26. ಇದರಲ್ಲೂ ಅಷ್ಟೇ. ಒಂದು ಅಬೀಲಿಯನ್, ಇನ್ನೊಂದು ಅಲ್ಲ. “ಆರ್ಡರ್‌ಗಳ ಪಟ್ಟಿ ಒಂದೇ, ಆದ್ದರಿಂದ ಐಸೊಮಾರ್ಫಿಕ್” ಎಂದು ಉತ್ತರಪತ್ರಿಕೆಯಲ್ಲಿ ಕಂಡಾಗಲೆಲ್ಲ ನನಗೆ ಈ ಇಪ್ಪತ್ತೇಳೇ ನೆನಪಾಗುವುದು.

ಗಂಟೆ ಹೊಡೆಯುವ ಮೊದಲು ಹಿಂದಿನ ಬೆಂಚಿನಿಂದ ಬಂದದ್ದು ನಾಲ್ಕು ಬೈ ನಾಲ್ಕರ ಪ್ರಶ್ನೆ: ಅಲ್ಲೂ p = 3 ಇಟ್ಟರೆ ಎಕ್ಸ್‌ಪೋನೆಂಟ್ 3 ತಾನೆ? ಮ್ಯಾಟ್ರಿಕ್ಸನ್ನು I + N ಎಂದು ಒಡೆದು ಘನ ಮಾಡಿದರೆ I + 3N + 3N² + N³. ನಡುವಿನ ಎರಡು ಪದ 3ರ ಶೇಷದಲ್ಲಿ ಹೋಗುತ್ತವೆ. ಮೂರು ಬೈ ಮೂರರಲ್ಲಿ N³ ಸೊನ್ನೆಯೇ, ಆದ್ದರಿಂದ ಬಚಾವಾಗಿದ್ದೆವು. ನಾಲ್ಕು ಬೈ ನಾಲ್ಕರಲ್ಲಿ ಕರ್ಣದ ಮೇಲಿನ ಸಾಲಿನ ಮೂರು ಜಾಗದಲ್ಲೂ 1 ಇಟ್ಟು ಮಿಕ್ಕದ್ದೆಲ್ಲ ಸೊನ್ನೆ ಮಾಡಿ ನೋಡಿ, N³ನ ಬಲ ಮೇಲಿನ ಮೂಲೆಯಲ್ಲಿ ಒಂದು 1 ಉಳಿಯುತ್ತದೆ. ಅದರ ಆರ್ಡರ್ 9. ಅಲ್ಲಿ ಎಕ್ಸ್‌ಪೋನೆಂಟ್ p ಆಗಬೇಕಾದರೆ p = 5ರಿಂದ ಶುರು ಮಾಡಬೇಕು.