ಟೋಕನ್ ಬೋರ್ಡ್, ಎರಡನೇ ಕಂತು: 19 ಗೇಟಿನಿಂದ ಒಂದು ಚಿಪ್‌ಗೆ

ಹಿಂದಿನ ಕಂತಿನಲ್ಲಿ ಹೇಳಿದ್ದೆ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಹೋಟೆಲ್ ನಡೆಸುವ ಗೆಳೆಯನಿಗೆ ಒಂದು ಟೋಕನ್ ಬೋರ್ಡ್ ಮಾಡಿಕೊಡಬೇಕು ಅಂತ. 7490 ಕೌಂಟರ್ 0ಯಿಂದ 9ರವರೆಗೆ ಎಣಿಸುವಷ್ಟಕ್ಕೆ ಬಂದು ನಿಂತಿತ್ತು. ಈಗ ಅದರ ನಾಲ್ಕು ತಂತಿಗಳಿಂದ ಏಳು ಗೆರೆಯ ಡಿಸ್‌ಪ್ಲೇ ಉರಿಸಬೇಕು. 7447 ತಂದರೆ ಏಳೂ ಗೆರೆ ಒಂದೇ ಚಿಪ್‌ನಲ್ಲಿ ಮುಗಿಯುತ್ತದೆ, ಗೊತ್ತು. ಆದರೆ ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಚೌಕ ಹಾಕಿ, ಗುಂಪು ಕಟ್ಟಿ ಗೇಟ್ ಕಡಿಮೆ ಮಾಡುವ ಕೆ-ಮ್ಯಾಪ್ ಅಂದರೆ ಅವನಿಗೆ ಪರೀಕ್ಷೆಯ ಹತ್ತು ಮಾರ್ಕ್ಸ್, ಅಷ್ಟೇ. ಒಂದು ಗೆರೆಯನ್ನಾದರೂ ನಾವೇ ಗೇಟ್‌ಗಳಿಂದ ಕಟ್ಟೋಣ ಅಂತ ಕೂತೆವು.

ಆರಿಸಿಕೊಂಡದ್ದು ಎಡಗಡೆ ಕೆಳಗಿನ ಗೆರೆ, ಅಂದರೆ `e`. ಅದು 0, 2, 6, 8 ಈ ನಾಲ್ಕು ಅಂಕಿಗೆ ಮಾತ್ರ ಉರಿಯಬೇಕು. A ದೊಡ್ಡ ಬಿಟ್, D ಚಿಕ್ಕ ಬಿಟ್. `A'` ಅಂದರೆ A ಉಲ್ಟಾ. ಟೇಬಲ್ ನೋಡಿ ಇದ್ದಂಗೇ ಬರೆದರೆ ನಾಲ್ಕು ಪದ, ಒಂದೊಂದರಲ್ಲೂ ನಾಲ್ಕು ಅಕ್ಷರ. ಎರಡು ಇನ್‌ಪುಟ್‌ನ ಗೇಟ್‌ನಲ್ಲಿ ಲೆಕ್ಕ ಹಾಕಿದರೆ 12 ಆಂಡ್, 3 ಆರ್, 4 ನಾಟ್. ಒಟ್ಟು 19. ಒಂದು ಗೆರೆಗೆ!

ಭಾನುವಾರ, ಮಿರ್ಚಿ ಕಟ್ಟಿದ ಕಾಗದದ ಮೇಲೆ

ಹುಡುಗ ಚೌಕ ಹಾಕಿ, ಅಡ್ಡಸಾಲಿಗೂ ಉದ್ದಸಾಲಿಗೂ 00, 01, 10, 11 ಅಂತ ಬರೆದ. ಎಣಿಕೆಯ ಕ್ರಮ ಅದೇ ಅಲ್ವಾ? ಆಮೇಲೆ ಗುಂಪು ಕಟ್ಟಿ ಉತ್ತರ ತಂದ: `CD' + AC'D' + A'B'C'D'`. ಉತ್ತರ ತಪ್ಪಲ್ಲ, ಹಾಕಿ ನೋಡಿದರೆ ಹತ್ತೂ ಅಂಕಿಗೆ ಸರಿ ಬರುತ್ತದೆ. ಆದರೆ 12 ಗೇಟ್ ಬೇಕು. ಪರೀಕ್ಷೆಯಲ್ಲಿ ಮೇಷ್ಟ್ರು ಮಾರ್ಕ್ಸ್ ಕತ್ತರಿಸುತ್ತಾರೆ, ಯಾಕೆ ಅಂತ ಇವನಿಗೆ ಗೊತ್ತಿರಲಿಲ್ಲ.

ಪಕ್ಕಪಕ್ಕದ ಮನೆಗಳ ನಡುವೆ ಒಂದೇ ಒಂದು ಬಿಟ್ ಬದಲಾಗಬೇಕು. ಮ್ಯಾಪ್‌ನ ಜೀವ ಇರೋದೇ ಅಲ್ಲಿ. 01ರಿಂದ 10ಕ್ಕೆ ಹೋದರೆ ಎರಡು ಬಿಟ್ ಬದಲಾಗುತ್ತವೆ, ಅವು ಕಣ್ಣಿಗೆ ಪಕ್ಕದಲ್ಲಿದ್ದರೂ ನೆಂಟರಲ್ಲ. ಹಾಗಾಗಿ ಕ್ರಮ 00, 01, 11, 10. ಮಾರಿಸ್ ಕಾರ್ನೋ 1953ರಲ್ಲಿ ಈ ಮ್ಯಾಪ್ ಕೊಟ್ಟದ್ದು. ಹಿಂದಿನ ವರ್ಷ ವೀಚ್ ಅನ್ನೋರು ಕೊಟ್ಟಿದ್ದ ಚಾರ್ಟ್ ಅದಕ್ಕೆ ಬುನಾದಿ.

```
        CD
        00  01  11  10
AB 00    1   0   0   1
   01    0   0   0   1
   11    x   x   x   x
   10    1   0   x   x
```

`x` ಅಂದರೆ ಡೋಂಟ್ ಕೇರ್. 7490 ಹತ್ತರಿಂದ ಹದಿನೈದು ಎಣಿಸುವುದೇ ಇಲ್ಲ, ಅದಕ್ಕೆ ಆ ಆರು ಮನೆಗಳನ್ನು ನಮಗೆ ಬೇಕಾದಂತೆ 1 ಅಂತಲೋ 0 ಅಂತಲೋ ತಗೊಳ್ಳಬಹುದು.

ಬಲಗಡೆಯ ಉದ್ದಸಾಲು ಪೂರ್ತಿ ಒಂದು ಗುಂಪು, ಅದು `CD'`. ಉಳಿದದ್ದು 0 ಮತ್ತು 8, ಎಡಗಡೆಯ ಎರಡು ಮೂಲೆ. "ಮಾವ, ಇವೆರಡೂ ಒಂಟಿ ಅಲ್ವಾ?" ಅಂದ. ಕಾಗದವನ್ನು ಸುರುಳಿ ಸುತ್ತಿ ಎಡ ಅಂಚನ್ನು ಬಲ ಅಂಚಿಗೆ ಮುಟ್ಟಿಸಿದೆ. ಆಮೇಲೆ ಮೇಲಿನ ಅಂಚನ್ನು ಕೆಳಗಿನದಕ್ಕೆ. ನಾಲ್ಕು ಮೂಲೆಗಳೂ ಒಂದೇ ಕಡೆ ಸೇರಿದವು! 0, 2, 8, ಜೊತೆಗೆ 10ರ `x`. ನಾಲ್ಕರಲ್ಲೂ B ಸೊನ್ನೆ, D ಸೊನ್ನೆ. ಗುಂಪು `B'D'`.

```
e = B'D' + CD'
```

2 ನಾಟ್, 2 ಆಂಡ್, 1 ಆರ್. ಐದೇ ಗೇಟ್. A ಅಂತೂ ಉತ್ತರದಲ್ಲೇ ಇಲ್ಲ. `x`ಗಳನ್ನು ಬಳಸದೆ ಇದ್ದಿದ್ದರೆ `A'CD' + B'C'D'` ಬರುತ್ತಿತ್ತು, A ಉಳಿದುಕೊಳ್ಳುತ್ತಿತ್ತು.

ಮಂಗಳವಾರ, ಬ್ರೆಡ್‌ಬೋರ್ಡ್

74LS04, 74LS08, 74LS32 ಮೂರನ್ನೂ ಹಾಕಿ ಕಟ್ಟಿದೆವು. ಕೌಂಟರ್ ಬದಲು ಸದ್ಯಕ್ಕೆ ಸ್ವಿಚ್‌ಗಳು. ಸ್ವಿಚ್ ಹಾಕಿದರೆ 5 ವೋಲ್ಟ್, ತೆಗೆದರೆ 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಗ್ರೌಂಡ್. ಎಲ್ಲ ಸ್ವಿಚ್ ತೆಗೆದಾಗ ಅಂಕಿ 0, ಎಲ್‌ಇಡಿ ಉರಿಯಬೇಕು. ಒಮ್ಮೆ ಉರಿಯಿತು, ತಂತಿ ಮುಟ್ಟಿದರೆ ಆರಿತು, ಕೈ ತೆಗೆದರೆ ಮತ್ತೇನೋ. ವೈರಿಂಗ್ ಎರಡು ಸಲ ನೋಡಿದೆವು, ಸರಿಯಾಗಿಯೇ ಇತ್ತು.

ಮೀಟರ್ ಹಿಡಿದಾಗ ತಿಳಿಯಿತು. D ಪಿನ್‌ನಲ್ಲಿ ಸೊನ್ನೆ ಇರಬೇಕಾದ ಕಡೆ 1 ವೋಲ್ಟ್‌ಗಿಂತ ಜಾಸ್ತಿ. LS ಚಿಪ್‌ಗೆ 0.8 ವೋಲ್ಟ್‌ಗಿಂತ ಕೆಳಗಿದ್ದರೆ 0, 2 ವೋಲ್ಟ್ ದಾಟಿದರೆ 1. ನಡುವೆ ಇದ್ದರೆ ಯಾವ ಖಾತ್ರಿಯೂ ಇಲ್ಲ. ಈ ಚಿಪ್‌ಗಳ ಇನ್‌ಪುಟ್‌ನಿಂದ ಕರೆಂಟ್ ಹೊರಕ್ಕೆ ಹರಿಯುತ್ತದೆ, ಸೊನ್ನೆಗೆ ಇಳಿಸಬೇಕಾದರೆ ಗರಿಷ್ಠ 0.4 ಮಿಲಿಆಂಪ್ ಎಳೆದುಕೊಳ್ಳಬೇಕು. ಅದು 10 ಕಿಲೋ ಓಮ್ ಕೈಲಿ ಆಗದ ಕೆಲಸ. 74HC ಆಗಿದ್ದರೆ ನಡೆಯುತ್ತಿತ್ತು, ನನ್ನ ಅಭ್ಯಾಸ ಅಲ್ಲಿಂದ ಬಂದದ್ದು. ತಿರುಗಿಸಿ ಹಾಕಿದೆ: ರೆಸಿಸ್ಟರ್ 5 ವೋಲ್ಟ್‌ಗೆ, ಸ್ವಿಚ್ ಗ್ರೌಂಡ್‌ಗೆ. ಈಗ ಸ್ವಿಚ್ ಹಾಕಿದರೆ 0, ತೆಗೆದರೆ 1. ತಲೆ ಕೊಂಚ ತಿರುಗುತ್ತದೆ, ಆದರೆ ಹತ್ತೂ ಅಂಕಿ ಸರಿ ಬಂದವು.

ಎಲ್‌ಇಡಿ ಮಾತ್ರ ಮಂಕು. LS ಗೇಟ್ ಒಳಕ್ಕೆ 8 ಮಿಲಿಆಂಪ್ ಎಳೆದುಕೊಳ್ಳುತ್ತದೆ, ಹೊರಕ್ಕೆ ತಳ್ಳುವ ಲೆಕ್ಕ ಬರೀ 0.4. ಎಲ್‌ಇಡಿಯನ್ನು ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಹಾಕಿದ್ದೇ ನಮ್ಮ ತಪ್ಪು. ಕಾಮನ್ ಆನೋಡ್ ಡಿಸ್‌ಪ್ಲೇ ಆದರೆ ಔಟ್‌ಪುಟ್ 0 ಆದಾಗ ಗೆರೆ ಉರಿಯುತ್ತದೆ, ನಮಗೆ ಅದೇ ಬೇಕು.

ಗುರುವಾರ, ಸೊನ್ನೆಗಳ ಕಡೆಯಿಂದ

ಔಟ್‌ಪುಟ್ ಹೇಗೂ ಉಲ್ಟಾ ಬೇಕಲ್ಲ, ಹಾಗಾದರೆ 1ಗಳ ಬದಲು 0ಗಳನ್ನೇ ಗುಂಪು ಮಾಡೋಣ ಅಂದೆ. ನಡುವಿನ ಎರಡು ಉದ್ದಸಾಲು ಸೇರಿ ಎಂಟು ಮನೆ, ಅದು `D`. ಉಳಿದ ಒಂದೇ ಸೊನ್ನೆ 4. ಅದನ್ನು 5, 12, 13ರ ಜೊತೆ ಸೇರಿಸಿದರೆ `BC'`.

```
e' = D + BC'
```

ಇದು ನಾರ್ ಗೇಟ್‌ಗೆ ಹೇಳಿ ಮಾಡಿಸಿದಂತಿದೆ. `BC'` ಅಂದರೆ `B'` ಮತ್ತು `C`ಗಳ ನಾರ್. ಅದನ್ನು `D` ಜೊತೆ ನಾರ್ ಮಾಡಿದರೆ `e`. ನಾಲ್ಕನೇ ನಾರ್ ಅದನ್ನು ತಿರುಗಿಸುತ್ತದೆ, `e'` ಸಿಗುತ್ತದೆ. ಒಂದು 74LS02ರಲ್ಲಿ ನಾಲ್ಕೇ ಗೇಟ್ ಇರೋದು, ನಾಲ್ಕೂ ಖರ್ಚಾದವು.

ಮೊದಲ ಸಲ ಇದೂ ಕೈ ಕೊಟ್ಟಿತು. B ಸ್ವಿಚ್ ತೆಗೆದರೂ ಆ ತಂತಿ 5 ವೋಲ್ಟ್ ಹತ್ತಿರ ಏರಲೇ ಇಲ್ಲ. ಕಾರಣ ಹುಡುಗನೇ ಹಿಡಿದ: 08, 32ರಲ್ಲಿ 1, 2 ಇನ್‌ಪುಟ್, 3 ಔಟ್‌ಪುಟ್. 02ರಲ್ಲಿ 1ನೇ ಪಿನ್ನೇ ಔಟ್‌ಪುಟ್. ನಾನು ನೆನಪಿನ ಮೇಲೆ ಚುಚ್ಚಿದ್ದೆ, ಗೇಟ್‌ನ ಬಾಯನ್ನು ಅದರ ಬಾಲಕ್ಕೇ ಕಟ್ಟಿದ್ದೆ. ಸರಿಪಡಿಸಿದ ವೈರಿಂಗ್:

```
B        -> 2, 3
1        -> 5      C -> 6
4        -> 8      D -> 9
10       -> 11, 12
13       -> 470 ohm -> e
14 = 5V  7 = GND
```

ಈಗ 0, 2, 6, 8ಕ್ಕೆ ಗೆರೆ ಚೆನ್ನಾಗಿ ಉರಿಯುತ್ತಿದೆ, ಸುಮಾರು 6 ಮಿಲಿಆಂಪ್‌ನಲ್ಲಿ. ಬೇಕಂತಲೇ ಸ್ವಿಚ್‌ನಿಂದ 10 ಮತ್ತು 14 ಕೊಟ್ಟು ನೋಡಿದೆವು, ಅವಕ್ಕೂ ಉರಿಯಿತು. 12ಕ್ಕೆ ಇಲ್ಲ. ಯಾವ `x` ಯಾವ ಗುಂಪಿಗೆ ಸೇರಿತ್ತೋ ಅದರಂತೆಯೇ.

A ತಂತಿ ಬೋರ್ಡ್ ಮೇಲೆ ಸುಮ್ನೆ ನೇತಾಡುತ್ತಿದೆ. "ಕಿತ್ತು ಬಿಡ್ಲಾ ಮಾವ?" ಅಂದ. ಬೇಡ, ಇರಲಿ. ಮುಂದಿನ ವಾರ ಮೇಲಿನ ಗೆರೆ `a` ಕಟ್ಟಬೇಕು, ಅದಕ್ಕೆ `A + C + BD + B'D'` ಬರುತ್ತದೆ.