ಚೈನ್ ವಿಡಿಯೋ, 28ನೇ ದಿನ: ನೋಡಿದವರು ಎಲ್ಲಿಂದ ಬಂದರು?

ಗೇರ್ ಇಲ್ಲದ ಸೈಕಲ್‌ನ ಚೈನ್ ಬಿಗಿ ಮಾಡುವ ವಿಡಿಯೋ ಹಾಕಿ ಇವತ್ತಿಗೆ 28 ದಿನ. ಒಟ್ಟು 1,200 ವ್ಯೂಸ್ ಬಂದಿದೆ. ನನ್ನ ಚಾನೆಲ್‌ಗೆ ಇದು ಜಾಸ್ತಿಯೇ. ಒಂಬತ್ತನೇ ದಿನ ಗ್ರಾಫ್ ಥಟ್ಟನೆ ಮೇಲೆದ್ದಾಗ, ಯೂಟ್ಯೂಬೇ ವಿಡಿಯೋವನ್ನು ಜನರ ಮುಂದೆ ಇಡೋಕೆ ಶುರು ಮಾಡಿದೆ ಅಂತ ಖುಷಿಪಟ್ಟಿದ್ದೆ. ಇವತ್ತು ಕೂತು ಯೂಟ್ಯೂಬ್ ಸ್ಟುಡಿಯೋದಲ್ಲಿ Traffic source ವರದಿ ತೆರೆದು ನೋಡಿದೆ. ಆಗಿದ್ದೇ ಬೇರೆ.

ಲೆಕ್ಕ ಹೀಗಿದೆ: External 540, YouTube search 360, Suggested videos 180, ಉಳಿದದ್ದೆಲ್ಲ ಸೇರಿ 120. ಅಂದ್ರೆ ಹೆಚ್ಚು ಜನ ಹೊರಗಿನಿಂದ ಬಂದಿದ್ದಾರೆ. ಆದರೆ ಈ ಸಾಲುಗಳನ್ನು ಒತ್ತಿ ಒಳಗೆ ಹೋಗದಿದ್ದರೆ ಅರ್ಧ ಮಾತ್ರ ಗೊತ್ತಾಗುತ್ತದೆ.

External ಒತ್ತಿದೆ. ವಾಟ್ಸಾಪ್ 330, ಗೂಗಲ್ ಸರ್ಚ್ 150, ಚಿಲ್ಲರೆ ಸೈಟ್‌ಗಳು 60. ಗೂಗಲ್‌ನಲ್ಲಿ ಹುಡುಕಿ ಬಂದವರನ್ನು ವರದಿ ಇಲ್ಲೇ ಎಣಿಸುತ್ತದೆ. YouTube search ಅನ್ನುವುದು ಯೂಟ್ಯೂಬ್ ಒಳಗಿನ ಹುಡುಕಾಟ ಮಾತ್ರ. ನನಗೆ ಬೇಕಿದ್ದದ್ದು ಎಷ್ಟು ಜನ ಹುಡುಕಿಕೊಂಡು ಬಂದರು ಅನ್ನುವುದು. ಹಾಗಾಗಿ 360ಕ್ಕೆ 150 ಸೇರಿಸಿದೆ. 510 ಆಯಿತು. ಮೊದಲ ನೋಟಕ್ಕೆ ಎರಡನೇ ಸ್ಥಾನದಲ್ಲಿದ್ದ ಹುಡುಕಾಟ ಈಗ ಮೊದಲಿಗೆ ಬಂತು.

ಇನ್ನು ಒಂಬತ್ತನೇ ದಿನದ ಏರಿಕೆ. ಸಾಮಾನ್ಯ ದಿನಗಳಲ್ಲಿ ಸುಮಾರು 30 ವ್ಯೂಸ್. ಅವತ್ತು 210, ಮರುದಿನ 140. ದಿನಾಂಕವನ್ನು ಆ ಎರಡು ದಿನಕ್ಕೆ ಮಾತ್ರ ಇಟ್ಟು ನೋಡಿದರೆ ವಾಟ್ಸಾಪ್‌ನಿಂದಲೇ 290. ಯಾರೋ ಯಾವುದೋ ಗ್ರೂಪ್‌ಗೆ ಲಿಂಕ್ ಹಾಕಿದ್ದಾರೆ, ಅಷ್ಟೇ. ಯಾವ ಗ್ರೂಪ್ ಅಂತ ವರದಿ ಹೇಳುವುದಿಲ್ಲ.

ಇದನ್ನು ಇನ್ನೂ ಬೇಗ ಹಿಡಿಯಬಹುದಿತ್ತು. ಇಂಪ್ರೆಷನ್ ಅಂದ್ರೆ ಯೂಟ್ಯೂಬ್ ಒಳಗೆ ನಮ್ಮ ಥಂಬ್‌ನೇಲ್ ಎಷ್ಟು ಸಲ ತೋರಿತು ಅನ್ನುವ ಲೆಕ್ಕ. ವಾಟ್ಸಾಪ್‌ನ ಲಿಂಕ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆ ಎರಡು ದಿನ ವ್ಯೂಸ್ ಹಾರಿದೆ, ಇಂಪ್ರೆಷನ್ ಗೆರೆ ಮಾತ್ರ ಎಂದಿನಂತೆ ಮಲಗಿದೆ. ಯೂಟ್ಯೂಬೇ ತೋರಿಸಿದ್ದರೆ ಎರಡೂ ಒಟ್ಟಿಗೆ ಏರಬೇಕಿತ್ತು, ಅಲ್ವಾ? ಇನ್ನು ಮೇಲೆ ಗ್ರಾಫ್ ಏರಿದ ತಕ್ಷಣ ನಾನು ಮೊದಲು ನೋಡುವುದು ಈ ಗೆರೆಯನ್ನೇ.

ಬಂದವರು ಎಷ್ಟು ಹೊತ್ತು ಇದ್ದರು ಅನ್ನುವುದೂ ಮೂಲದ ಪ್ರಕಾರ ಸಿಗುತ್ತದೆ. ವಿಡಿಯೋ 6 ನಿಮಿಷ 20 ಸೆಕೆಂಡ್. ವಾಟ್ಸಾಪ್‌ನಿಂದ ಬಂದವರು ಸರಾಸರಿ 45 ಸೆಕೆಂಡ್ ನೋಡಿದ್ದಾರೆ. ಯೂಟ್ಯೂಬ್‌ನಲ್ಲಿ ಹುಡುಕಿ ಬಂದವರು 3 ನಿಮಿಷ 50 ಸೆಕೆಂಡ್. ಇದರಲ್ಲಿ ಆಶ್ಚರ್ಯವಿಲ್ಲ. ಹುಡುಕಿ ಬಂದವರ ಸೈಕಲ್ ಪಕ್ಕದಲ್ಲೇ ನಿಂತಿರುತ್ತದೆ, ಕೈಯಲ್ಲಿ ಸ್ಪ್ಯಾನರ್ ಇರುತ್ತದೆ. ಗ್ರೂಪ್‌ನವರು ಸುಮ್ನೆ ಏನದು ಅಂತ ಒತ್ತಿ ನೋಡಿರುತ್ತಾರೆ. ಈ 45 ಸೆಕೆಂಡ್ ಒಟ್ಟು ಸರಾಸರಿಯನ್ನು ಕೆಳಗೆ ಎಳೆದಿತ್ತು. ಅದನ್ನು ನೋಡಿ ನಾನು ವಿಡಿಯೋದ ಆರಂಭವನ್ನೇ ಕತ್ತರಿಸಲು ಹೊರಟಿದ್ದೆ! ಸದ್ಯ, ಕೈ ಹಾಕಲಿಲ್ಲ.

Suggested videos ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಳಗೆ ನೋಡಿದರೆ 180ರಲ್ಲಿ 130 ನನ್ನದೇ ಬ್ರೇಕ್ ವಿಡಿಯೋದ ಪಕ್ಕದಿಂದ ಬಂದಿವೆ. ಬೇರೆ ಚಾನೆಲ್‌ಗಳ ನೋಡುಗರು ಇನ್ನೂ ಈ ಕಡೆ ಹೆಚ್ಚಾಗಿ ಬಂದಿಲ್ಲ.

ನಿಜವಾಗಿ ಉಪಯೋಗಕ್ಕೆ ಬಂದದ್ದು YouTube search ಒಳಗಿನ ಪದಗಳ ಪಟ್ಟಿ. ನನ್ನ ಟೈಟಲ್ 'ಸೈಕಲ್ ಚೈನ್ ಬಿಗಿ ಮಾಡುವುದು ಹೇಗೆ'. ಜನ ಹುಡುಕಿದ್ದು 'ಸೈಕಲ್ ಚೈನ್ ಬೀಳ್ತಿದೆ', 'ಚೈನ್ ಪದೇ ಪದೇ ಕಳಚುತ್ತೆ'. ಚೈನ್ ಸಡಿಲವಾಗಿದೆ, ಹಿಂದಿನ ಚಕ್ರವನ್ನು ಸ್ವಲ್ಪ ಹಿಂದಕ್ಕೆ ಎಳೆದು ನಟ್ ಬಿಗಿ ಮಾಡಬೇಕು ಅಂತ ಗೊತ್ತಿರುವವರು ಯಾಕೆ ಹುಡುಕುತ್ತಾರೆ? ಅವರಿಗೆ ಕಾಣುವುದು ಬಿದ್ದ ಚೈನ್ ಮಾತ್ರ. ನಾನು ಟೈಟಲ್‌ನಲ್ಲಿ ಪರಿಹಾರದ ಹೆಸರು ಬರೆದಿದ್ದೆ, ಅವರು ತೊಂದರೆಯ ಹೆಸರು ಟೈಪ್ ಮಾಡುತ್ತಿದ್ದರು. ಪಟ್ಟಿಯಲ್ಲಿ ಎಲ್ಲ ಪದಗಳೂ ಕಾಣುವುದಿಲ್ಲ, ಆದರೂ ಇಷ್ಟು ಸಾಕಿತ್ತು.

ಇವತ್ತು ಟೈಟಲ್ ಬದಲಿಸಿದೆ: 'ಸೈಕಲ್ ಚೈನ್ ಪದೇ ಪದೇ ಬೀಳ್ತಿದೆಯಾ? ಹೀಗೆ ಬಿಗಿ ಮಾಡಿ'. ಥಂಬ್‌ನೇಲ್ ಮುಟ್ಟಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಇಲ್ಲಿಯವರೆಗೆ ಯೂಟ್ಯೂಬ್ ಹುಡುಕಾಟದಿಂದ ದಿನಕ್ಕೆ ಸುಮಾರು 13 ವ್ಯೂಸ್. ಮುಂದಿನ 28 ದಿನ ಅದೊಂದೇ ಸಾಲನ್ನು, ಅದರ ಇಂಪ್ರೆಷನ್ ಜೊತೆಗೆ ಬರೆದಿಡುತ್ತೇನೆ. ನಡುವೆ ವಾಟ್ಸಾಪ್‌ನಿಂದ ಇನ್ನೊಂದು ಅಲೆ ಬಂದರೂ ಈ ಲೆಕ್ಕ ಕೆಡುವುದಿಲ್ಲ.